ಗೋಡೆ ಕೊಡುವ ವೇಗ

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್ ನೋಡಲು ಕೂತವರಿಗೆ ಮೊದಲಿಗೆ ಕಂಡದ್ದು ಬರೀ ನೀರು. ಗುಂಡಿನ ಸದ್ದಿಗೆ ಈಜುಗಾರರು ಹಿಮ್ಮುಖವಾಗಿ ಹಾರಿದರು, ಮುಳುಗಿದರು. ಕೆಲವು ಲೇನ್‌ಗಳಲ್ಲಿ ಕೈಗಳು ತಿರುಗತೊಡಗಿದವು. ಆದರೆ ಪದಕ ಗೆಲ್ಲಬಹುದೆಂದು ಎಲ್ಲರೂ ಎಣಿಸಿದ್ದ ಅಮೆರಿಕದ ಡೇವಿಡ್ ಬರ್ಕಾಫ್ ಮತ್ತು ಜಪಾನಿನ ಡೈಚಿ ಸುಜುಕಿ ಮೇಲೆ ಬರಲೇ ಇಲ್ಲ. ಕೊಳದ ಅರ್ಧಕ್ಕಿಂತ ಹೆಚ್ಚು ದೂರವನ್ನು ಇಬ್ಬರೂ ನೀರಿನಡಿಯಲ್ಲೇ ಕಳೆದರು. ಅಂಗಾತ ಮಲಗಿ, ಕೈಗಳನ್ನು ತಲೆಯಾಚೆ ಚಾಚಿ, ಎರಡೂ ಕಾಲುಗಳನ್ನು ಜೋಡಿಸಿ, ಡಾಲ್ಫಿನ್ ಬಾಲ ಬಡಿದಂತೆ ಬಡಿಯುತ್ತ ಸಾಗಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಈಜುಗಾರನಾಗಿದ್ದ ಬರ್ಕಾಫ್‌ನ ಈ ಪಟ್ಟಿಗೆ ಪತ್ರಿಕೆಗಳು ‘ಬರ್ಕಾಫ್ ಬ್ಲಾಸ್ಟಾಫ್’ ಎಂದು ಹೆಸರಿಟ್ಟಿದ್ದವು. ಸೋಲ್‌ನ ಹೀಟ್ಸ್‌ನಲ್ಲೇ ಆತ 54.51 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಬರೆದಿದ್ದ. ಫೈನಲ್‌ನಲ್ಲಿ ಸುಜುಕಿ ಎಂದಿಗಿಂತ ಹೆಚ್ಚು ದೂರ ನೀರಿನಡಿಯಲ್ಲಿ ಉಳಿದ, 55.05 ಸೆಕೆಂಡಿಗೆ ಚಿನ್ನ ಗೆದ್ದ. ಬರ್ಕಾಫ್ 55.18ಕ್ಕೆ ಬಂದ. ಸೋವಿಯತ್ ಒಕ್ಕೂಟದ ಇಗೋರ್ ಪೊಲ್ಯಾನ್‌ಸ್ಕಿ 55.20ಕ್ಕೆ ಮೂರನೆಯವನಾದ.

ಈ ಫಲಿತಾಂಶದಲ್ಲಿ ಎರಡು ಪಾಠಗಳಿವೆ. ನೀರಿನ ಮೇಲೆ ಕೈ ಬೀಸಿ ಈಜುವುದಕ್ಕಿಂತ ನೀರಿನಡಿಯಲ್ಲಿ ಕಾಲು ಬಡಿದು ಸಾಗುವುದು ವೇಗವಾಗಿರಬಲ್ಲದು ಎಂಬುದು ಮೊದಲನೆಯದು. ಆ ಲಾಭಕ್ಕೆ ಉಸಿರಿನ ರೂಪದಲ್ಲಿ ಬೆಲೆ ತೆರಬೇಕು ಎಂಬುದು ಎರಡನೆಯದು. ಹೀಟ್ಸ್‌ನಲ್ಲಿ ದಾಖಲೆ ತಂದುಕೊಟ್ಟ ಅದೇ ತಂತ್ರ, ಫೈನಲ್‌ನ ಕೊನೆಯ ಮೀಟರ್‌ಗಳಲ್ಲಿ ಬರ್ಕಾಫ್‌ನನ್ನು ಕಾಪಾಡಲಿಲ್ಲ.

ಮೇಲ್ಮೈಯಲ್ಲಿ ಏನು ತೊಂದರೆ?

ನೀರಿನಲ್ಲಿ ಸಾಗುವ ದೇಹವನ್ನು ಮೂರು ಬಗೆಯ ಪ್ರತಿರೋಧ ತಡೆಯುತ್ತದೆ. ಚರ್ಮಕ್ಕೆ ನೀರು ಉಜ್ಜುವುದರಿಂದ ಹುಟ್ಟುವುದು ಒಂದು, ಅದು ಸಣ್ಣದು. ಎದುರಿನ ನೀರನ್ನು ಪಕ್ಕಕ್ಕೆ ಸರಿಸಬೇಕು, ಹಿಂದೆ ಸುಳಿಗಳು ಏಳುತ್ತವೆ. ದೇಹದ ಆಕಾರ ಎಷ್ಟು ಒರಟೋ ಈ ಎರಡನೆಯ ಪ್ರತಿರೋಧ ಅಷ್ಟು ದೊಡ್ಡದು. ಮೂರನೆಯದು ಅಲೆ. ಮೇಲ್ಮೈಯಲ್ಲಿ ಸಾಗುವ ಈಜುಗಾರ ತನ್ನ ಮುಂದೆ ನೀರನ್ನು ದಿಬ್ಬದಂತೆ ಎಬ್ಬಿಸುತ್ತ ಹೋಗುತ್ತಾನೆ. ನೀರನ್ನು ಮೇಲೆತ್ತಲು ಖರ್ಚಾಗುವ ಶಕ್ತಿ ಅವನನ್ನು ಮುಂದಕ್ಕೆ ಒಯ್ಯುವುದಿಲ್ಲ. ವೇಗ ಹೆಚ್ಚಿದಷ್ಟೂ ಈ ನಷ್ಟ ಬೆಳೆಯುತ್ತದೆ.

ಅರ್ಧ ಮೀಟರಿನಷ್ಟು ಕೆಳಗಿಳಿದರೆ ಅಲೆಯ ಈ ತೆರಿಗೆ ಬಹುಮಟ್ಟಿಗೆ ತಪ್ಪುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದ ಕೊನೆಯಲ್ಲಿ ಅನುಭವಿ ಈಜುಗಾರರನ್ನು ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ವೇಗದಲ್ಲಿ ಹಗ್ಗದಿಂದ ಎಳೆಸಿ ಪ್ರತಿರೋಧವನ್ನು ಅಳೆದರು. 40ರಿಂದ 60 ಸೆಂಟಿಮೀಟರ್ ಆಳದಲ್ಲಿ ಪ್ರತಿರೋಧ ಮೇಲ್ಮೈಗಿಂತ ಶೇ 10ರಿಂದ 20ರಷ್ಟು ಕಡಿಮೆಯಿತ್ತು. ಇನ್ನೂ ಆಳಕ್ಕೆ ಹೋಗಬಹುದಲ್ಲ ಎನ್ನಬಹುದು. ಆದರೆ ಹೆಚ್ಚು ಆಳಕ್ಕಿಳಿದವನು ಮೇಲೇರಲು ಅಷ್ಟೇ ಹೆಚ್ಚು ದೂರ ಓರೆಯಾಗಿ ಸಾಗಬೇಕು, ಉಳಿಸಿದ್ದು ಅಲ್ಲಿ ಕಳೆದುಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಸರಳ ಸತ್ಯವಿದೆ. ಜಗತ್ತಿನ ಅತಿ ವೇಗದ ಈಜುಗಾರರೂ ಮೇಲ್ಮೈಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಮೀಟರ್ ಸಾಗುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ 100 ಮೀಟರ್ ಫ್ರೀಸ್ಟೈಲ್ ಅನ್ನು 46.40 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದಾಗ, ಹಾರಿದ್ದು ತಿರುಗಿದ್ದು ಎಲ್ಲ ಸೇರಿ ಸರಾಸರಿ ವೇಗ 2.15 ಮೀಟರ್ ಇತ್ತು. ಅದೇ ಒಳ್ಳೆಯ ಈಜುಗಾರ ಗೋಡೆಗೆ ಕಾಲು ಕೊಟ್ಟು ಚಿಮ್ಮಿದಾಗ ವೇಗ ಸುಮಾರು 2.5ರಿಂದ 3 ಮೀಟರ್. ಸ್ಟಾರ್ಟಿಂಗ್ ಬ್ಲಾಕ್‌ನಿಂದ ಹಾರಿ ನೀರು ಹೊಕ್ಕಾಗ ಅದು 4 ಮೀಟರನ್ನೂ ದಾಟಿರುತ್ತದೆ. ಕೈಕಾಲು ಬಡಿದು ಗಳಿಸಲಾಗದ ವೇಗ ಗಟ್ಟಿಯಾದ ಗೋಡೆಯಿಂದ, ಬ್ಲಾಕ್‌ನಿಂದ ಸಿಗುತ್ತದೆ. ಅದನ್ನು ಆದಷ್ಟು ನಿಧಾನವಾಗಿ ಕಳೆದುಕೊಳ್ಳುವುದೇ ಮುಂದಿನ ಕೆಲಸ.

ಲಾಗ ಹಾಕುವ ಲೆಕ್ಕ

ಫ್ರೀಸ್ಟೈಲ್‌ನಲ್ಲಿ ತಿರುಗುವಾಗ ದೇಹದ ಯಾವುದಾದರೂ ಒಂದು ಭಾಗ ಗೋಡೆಗೆ ತಾಗಿದರೆ ಸಾಕು. ಆದ್ದರಿಂದ ಕೈಯಿಂದ ಮುಟ್ಟಬೇಕಾಗಿಲ್ಲ, ಗೋಡೆಯ ಮುಂದೆ ಲಾಗ ಹಾಕಿ ಪಾದ ಊರಬಹುದು. ಇದೇ ಫ್ಲಿಪ್ ಟರ್ನ್. ಬ್ಯಾಕ್‌ಸ್ಟ್ರೋಕ್‌ನಲ್ಲಿ 1991ರವರೆಗೆ ಅಂಗಾತ ಇದ್ದಂತೆಯೇ ಗೋಡೆ ಮುಟ್ಟಬೇಕಿತ್ತು. ನಿಯಮ ಬದಲಾದ ಮೇಲೆ ಗೋಡೆಯ ಬಳಿ ಬೋರಲಾಗಿ ಲಾಗ ಹಾಕಲು ಅವಕಾಶ ಸಿಕ್ಕಿತು. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನಲ್ಲಿ ಇಂದಿಗೂ ಎರಡೂ ಕೈಗಳು ಒಟ್ಟಿಗೆ ಗೋಡೆ ಮುಟ್ಟಲೇಬೇಕು, ಹಾಗಾಗಿ ಅಲ್ಲಿ ಫ್ಲಿಪ್ ಟರ್ನ್ ಇಲ್ಲ.

ಕೊಳದ ತಳದಲ್ಲಿ ಪ್ರತಿ ಲೇನ್‌ನ ನಡುವೆ ಎಳೆದ ಕಪ್ಪು ಪಟ್ಟಿ ಗೋಡೆಗೆ ಎರಡು ಮೀಟರ್ ಇರುವಾಗ ಅಡ್ಡಪಟ್ಟಿಯಾಗಿ ಮುಗಿಯುತ್ತದೆ. ಈಜುಗಾರನಿಗೆ ಅದೇ ಗುರುತು. ತಲೆ ಎತ್ತಿ ಗೋಡೆ ನೋಡುವ ಅಗತ್ಯವಿಲ್ಲ. ಆ ಗುರುತು ದಾಟಿದ ಮೇಲೆ ಕೊನೆಯ ಬೀಸು ಮುಗಿಸಿ ಎರಡೂ ಕೈಗಳನ್ನು ತೊಡೆಯ ಪಕ್ಕಕ್ಕೆ ತಂದು, ಗದ್ದವನ್ನು ಎದೆಗೊತ್ತಿ, ಒಂದು ಸಣ್ಣ ಡಾಲ್ಫಿನ್ ಕಿಕ್‌ನಿಂದ ಸೊಂಟವನ್ನು ಎತ್ತಿದರೆ ದೇಹ ತಾನೇ ಮಡಚಿಕೊಳ್ಳುತ್ತದೆ. ಅಂಗೈಗಳು ನೀರನ್ನು ತಲೆಯ ಕಡೆಗೆ ಒತ್ತಿ ತಿರುಗಲು ನೆರವಾಗುತ್ತವೆ. ಮಂಡಿ ಮಡಚಿ ಸಣ್ಣದಾಗಿ ಸುತ್ತಿದಷ್ಟೂ ಸುತ್ತು ಚುರುಕು. ಪಾದಗಳು ಮೇಲ್ಮೈಯಿಂದ 30-40 ಸೆಂಟಿಮೀಟರ್ ಕೆಳಗೆ ಗೋಡೆಗೆ ತಾಗುವ ಹೊತ್ತಿಗೆ ಕೈಗಳು ಆಗಲೇ ತಲೆಯಾಚೆ ಚಾಚಿಕೊಂಡಿರಬೇಕು.

ಇಲ್ಲಿ ಕಣ್ಣಿಗೆ ಬೀಳದ ಒಂದು ಉಳಿತಾಯವಿದೆ. ಲಾಗ ಹಾಕುವವನ ತಲೆ ಗೋಡೆಯವರೆಗೆ ಹೋಗುವುದೇ ಇಲ್ಲ. ಗೋಡೆಗೆ ಇನ್ನೂ ದೂರವಿರುವಾಗಲೇ ಅದು ಹಿಂದಿರುಗಿರುತ್ತದೆ, ಗೋಡೆ ಮುಟ್ಟುವ ಕೆಲಸ ಪಾದಗಳದು. ಕೈಯಿಂದ ಗೋಡೆ ಹಿಡಿದು, ನಿಂತು, ತಲೆ ಎತ್ತಿ ಉಸಿರೆಳೆದು ತಿರುಗುವವನು ಅಷ್ಟು ದೂರವನ್ನೂ ಕ್ರಮಿಸುತ್ತಾನೆ, ದೇಹವನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರುಮಾಡುತ್ತಾನೆ.

ಗೋಡೆಯ ಮೇಲೆ ಪಾದ ಇರುವ ಹೊತ್ತು ಬಲು ಚಿಕ್ಕದು, ನುರಿತವರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು. ಆಗ ಮಂಡಿ ಎಷ್ಟು ಮಡಚಿದೆ ಎಂಬುದು ನಿರ್ಣಾಯಕ. ಗೋಡೆಗೆ ತೀರಾ ಹತ್ತಿರ ಲಾಗ ಹಾಕಿದರೆ ಕುಕ್ಕರಗಾಲಲ್ಲಿ ಕೂತಂತಾಗಿ, ಏಳುವಷ್ಟರಲ್ಲೇ ಹೊತ್ತು ಹೋಗುತ್ತದೆ. ದೂರದಲ್ಲಿ ಹಾಕಿದರೆ ಕಾಲುಗಳು ಬಹುತೇಕ ನೆಟ್ಟಗಾಗಿ ಬೆರಳ ತುದಿ ಮಾತ್ರ ತಾಗುತ್ತದೆ, ಒದೆಯಲು ಏನೂ ಉಳಿಯುವುದಿಲ್ಲ. ಮಂಡಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಇಲ್ಲವೇ ಅದಕ್ಕಿಂತ ತುಸು ಬಿಚ್ಚಿರುವ ಜಾಗ ಒಳ್ಳೆಯದು. ಹೊಸಬರು ಸಾಮಾನ್ಯವಾಗಿ ಗೋಡೆಯ ಮೇಲೇ ಬೋರಲಾಗಲು ಹೊರಟು ಹೊತ್ತು ಕಳೆಯುತ್ತಾರೆ. ಅಂಗಾತ ಇದ್ದಂತೆಯೇ ಒದೆಯಬೇಕು, ಒದೆಯುತ್ತ ಸಾಗುತ್ತಲೇ ಪಕ್ಕಕ್ಕೆ, ಆಮೇಲೆ ಬೋರಲಿಗೆ ತಿರುಗಬೇಕು.

ಬಾಣದಂತೆ, ಆದರೆ ಎಷ್ಟು ಹೊತ್ತು?

ಒದ್ದ ಮೇಲೆ ಹಿಡಿಯುವ ಭಂಗಿಗೆ ಕೋಚ್‌ಗಳು ಸ್ಟ್ರೀಮ್‌ಲೈನ್ ಎನ್ನುತ್ತಾರೆ. ಒಂದು ಅಂಗೈ ಇನ್ನೊಂದರ ಮೇಲೆ, ಮೇಲಿನ ಹೆಬ್ಬೆರಳು ಕೆಳಗಿನ ಕೈಯನ್ನು ಬಿಗಿಹಿಡಿದಿರುತ್ತದೆ. ಮೊಣಕೈಗಳು ನೆಟ್ಟಗೆ, ತೋಳುಗಳು ಕಿವಿಗೆ ಇಲ್ಲವೇ ಕಿವಿಯ ಹಿಂದಕ್ಕೆ ಒತ್ತಿರುತ್ತವೆ. ದೃಷ್ಟಿ ಮುಂದಕ್ಕಲ್ಲ, ತಳದ ಕಡೆಗೆ. ಹೊಟ್ಟೆ ಒಳಗೆ, ಕಾಲ್ಬೆರಳು ಚಾಚಿ. ತಲೆ ಎತ್ತಿ ಮುಂದೆ ನೋಡಿದರೆ ಸೊಂಟ ಕೆಳಗಿಳಿಯುತ್ತದೆ. ತೋಳುಗಳ ನಡುವೆ ಸಂದು ಬಿಟ್ಟರೆ ನೆತ್ತಿ ಮತ್ತು ಹೆಗಲಿಗೆ ನೀರು ನೇರವಾಗಿ ಹೊಡೆಯುತ್ತದೆ. ಪ್ರತಿರೋಧ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ, ವೇಗ ಅತಿ ಹೆಚ್ಚಿರುವ ಈ ಕ್ಷಣದಲ್ಲೇ ಭಂಗಿಯ ಸಣ್ಣ ದೋಷಕ್ಕೂ ದುಬಾರಿ ದಂಡ ಬೀಳುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಅವಸರ. ಒದ್ದ ಕೂಡಲೇ ಕಾಲು ಬಡಿಯಲು ಶುರುಮಾಡಿದರೆ ಮುಂದಕ್ಕೆ ತಳ್ಳುವ ಬದಲು ಬಡಿತವೇ ದೇಹದ ನೇರ ಆಕಾರವನ್ನು ಕೆಡಿಸಿ ಬ್ರೇಕ್ ಹಾಕುತ್ತದೆ. ಕಿಕ್‌ನಿಂದ ಸಿಗುವ ವೇಗಕ್ಕಿಂತ ಒದೆತದ ವೇಗ ಹೆಚ್ಚಿರುವ ತನಕ ಸುಮ್ಮನೆ ತೇಲಿಹೋಗಬೇಕು. ಮೇಲೆ ಹೇಳಿದ ಆಸ್ಟ್ರೇಲಿಯಾದ ತಂಡದ ಅಳತೆಗಳು ವೇಗ ಸೆಕೆಂಡಿಗೆ 2.2ರಿಂದ 1.9 ಮೀಟರ್‌ಗೆ ಇಳಿಯುವಾಗ ಕಿಕ್ ಶುರುಮಾಡುವುದು ಸರಿ ಎಂದು ತೋರಿಸಿದವು. ಅದು ನುರಿತ ವಯಸ್ಕರ ಲೆಕ್ಕ. ಒದ್ದ ಮೇಲೆ ಈ ಇಳಿತಕ್ಕೆ ಒಂದು ಸೆಕೆಂಡು ಕೂಡ ಬೇಕಾಗದು. ಹಾರಿದ ಮೇಲಾದರೆ ತುಸು ಹೆಚ್ಚು. ಅತಿಯಾಗಿ ಕಾದರೂ ನಷ್ಟವೇ: ಈಜುವ ವೇಗಕ್ಕಿಂತ ಕೆಳಗಿಳಿದ ದೇಹವನ್ನು ಮತ್ತೆ ಎಳೆದು ತರಲು ಶಕ್ತಿ ಸುರಿಯಬೇಕು.

ಎದೆಯಿಂದ ಬೆರಳಿಗೆ ಸಾಗುವ ಅಲೆ

ಡಾಲ್ಫಿನ್ ಕಿಕ್ ಎಂದರೆ ಮಂಡಿಯಿಂದ ಬಡಿಯುವುದು ಎಂದು ತಿಳಿದವರೇ ಹೆಚ್ಚು. ಒಗೆದ ಸೀರೆಯನ್ನು ಒಂದು ತುದಿ ಹಿಡಿದು ಕೊಡವಿದಾಗ ಕೈಯ ಬಳಿ ಸಣ್ಣಗಿದ್ದ ಅಲೆ ಸೆರಗಿಗೆ ಹೋಗುವಷ್ಟರಲ್ಲಿ ದೊಡ್ಡದಾಗಿ ಛಟಾರನೆ ಬಡಿಯುತ್ತದಲ್ಲ, ಒಳ್ಳೆಯ ಕಿಕ್ ಹಾಗಿರುತ್ತದೆ. ಕೈ ಮತ್ತು ತಲೆ ಬಹುತೇಕ ಅಲುಗುವುದಿಲ್ಲ. ಎದೆಯ ಕೆಳಭಾಗದಿಂದ ಹೊರಟ ಅಲೆ ಸೊಂಟ, ತೊಡೆ, ಮಂಡಿಗಳಲ್ಲಿ ಬೆಳೆಯುತ್ತ ಪಾದದಲ್ಲಿ ಅತಿ ದೊಡ್ಡದಾಗುತ್ತದೆ. ನೀರನ್ನು ಹಿಂದಕ್ಕೆ ಎಸೆಯುವ ಕೆಲಸ ಮಾಡುವುದು ಪಾದ. ಅದಕ್ಕೇ ಪಾದದ ಕೀಲು ಸಡಿಲವಿದ್ದು ಬೆರಳುಗಳನ್ನು ಚೆನ್ನಾಗಿ ಚಾಚಬಲ್ಲವರಿಗೆ ಇದು ಸುಲಭವಾಗಿ ಒಲಿಯುತ್ತದೆ. ಆ ಕೀಲು ಬಿಗಿಯಿದ್ದರೆ ಎಷ್ಟು ಬಲವಿದ್ದರೂ ನೀರು ಕೆಳಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕಲ್ಲ.

ಎಷ್ಟು ದೊಡ್ಡದಾಗಿ ಬಡಿಯಬೇಕು? ದೊಡ್ಡ ಕಿಕ್‌ನಲ್ಲಿ ತಳ್ಳುವ ಬಲ ಹೆಚ್ಚು, ಆದರೆ ಮಂಡಿ ಮಡಚಿದಾಗ ತೊಡೆ ನೀರಿಗೆ ಅಡ್ಡವಾಗಿ ನಿಲ್ಲುತ್ತದೆ. ಸಣ್ಣ ಕಿಕ್‌ನಲ್ಲಿ ಅಡ್ಡಿ ಕಡಿಮೆ, ಆದರೆ ಬೇಗ ಬೇಗ ಬಡಿಯಬೇಕು. ಉನ್ನತ ಮಟ್ಟದ ಈಜುಗಾರರು ಸೆಕೆಂಡಿಗೆ ಎರಡರಿಂದ ಮೂರು ಕಿಕ್ ಹೊಡೆಯುತ್ತಾರೆ. ಕಿಕ್‌ನ ಕೆಳಬಡಿತಕ್ಕೆ ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳ ಬಲವಿದೆ, ಅದು ತಾನೇ ಬರುತ್ತದೆ. ಕಾಲು ಮೇಲೇರುವ ಅರ್ಧವನ್ನು ಮಾತ್ರ ಹೊಸಬರು ಬರೀ ವಾಪಸಾತಿಯಂತೆ ಬಿಟ್ಟುಬಿಡುತ್ತಾರೆ. ಕಾಲನ್ನು ನೆಟ್ಟಗಿಟ್ಟು ತೊಡೆಯ ಹಿಂಭಾಗ ಮತ್ತು ಪೃಷ್ಠದ ಸ್ನಾಯುಗಳಿಂದ ಮೇಲಕ್ಕೂ ಬಲವಾಗಿ ಒತ್ತಿದಾಗ ವೇಗ ಏರಿಳಿಯದೆ ಸಮನಾಗಿ ಉಳಿಯುತ್ತದೆ. ಕೊಳದ ಪಕ್ಕದಿಂದ ನೋಡಿದಾಗ ದೇಹ ತಡೆತಡೆದು ಸಾಗುತ್ತಿದ್ದರೆ ಈ ಮೇಲ್ಬಡಿತ ಇಲ್ಲವೆಂದೇ ಅರ್ಥ.

ಹದಿನೈದು ಮೀಟರಿನ ಗೆರೆ

ಸೋಲ್ ಫೈನಲ್ ಮುಗಿದ ಬಳಿಕ ಅಂತರರಾಷ್ಟ್ರೀಯ ಈಜು ಸಂಸ್ಥೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ನೀರಿನಡಿಯ ಪಯಣವನ್ನು ಮೊದಲು 10 ಮೀಟರ್‌ಗೆ ಮಿತಿಗೊಳಿಸಿತು, 1991ರಲ್ಲಿ ಅದನ್ನು 15ಕ್ಕೆ ಏರಿಸಿತು. ಈಜುಗಾರರು ಬಟರ್‌ಫ್ಲೈನಲ್ಲಿ ಅದೇ ದಾರಿ ಹಿಡಿದರು. ರಷ್ಯಾದ ಡೆನಿಸ್ ಪಂಕ್ರಾತೊವ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ದೀರ್ಘಕಾಲ ನೀರಿನಡಿಯಲ್ಲಿ ಸಾಗಿ 100 ಮತ್ತು 200 ಮೀಟರ್ ಎರಡರಲ್ಲೂ ಚಿನ್ನ ಗೆದ್ದ. 1998ರಿಂದ ಬಟರ್‌ಫ್ಲೈಗೂ ಫ್ರೀಸ್ಟೈಲ್‌ಗೂ ಅದೇ 15 ಮೀಟರ್ ಮಿತಿ ಬಂತು. ಬ್ರೆಸ್ಟ್‌ಸ್ಟ್ರೋಕ್‌ನ ಲೆಕ್ಕ ಬೇರೆ: ಸ್ಟಾರ್ಟ್ ಮತ್ತು ಪ್ರತಿ ಟರ್ನ್ ನಂತರ ಒಂದೇ ಒಂದು ಡಾಲ್ಫಿನ್ ಕಿಕ್‌ಗೆ ಅವಕಾಶ.

ಲೇನ್ ಹಗ್ಗದಲ್ಲಿ ಎರಡೂ ತುದಿಯಿಂದ 15 ಮೀಟರ್‌ಗೆ ಬೇರೆ ಬಣ್ಣದ ಬಿಲ್ಲೆ ಇರುವುದು ಇದಕ್ಕೇ. ಅಲ್ಲಿಗೆ ಬರುವಷ್ಟರಲ್ಲಿ ತಲೆ ನೀರಿನಿಂದ ಹೊರಬಂದಿರಬೇಕು, ಇಲ್ಲದಿದ್ದರೆ ಅನರ್ಹ. 50 ಮೀಟರ್ ಕೊಳದ 100 ಮೀಟರ್ ಸ್ಪರ್ಧೆಯಲ್ಲಿ ಒಂದು ಸ್ಟಾರ್ಟ್, ಒಂದು ಟರ್ನ್. ಹೆಚ್ಚೆಂದರೆ 30 ಮೀಟರ್ ನೀರಿನಡಿ. 25 ಮೀಟರ್ ಕೊಳದಲ್ಲಿ ಅದೇ 100 ಮೀಟರ್‌ಗೆ ಮೂರು ಟರ್ನ್‌ಗಳು, ಹೆಚ್ಚೆಂದರೆ 60 ಮೀಟರ್. ಚಿಕ್ಕ ಕೊಳದ ದಾಖಲೆಗಳು ದೊಡ್ಡ ಕೊಳದ ದಾಖಲೆಗಳಿಗಿಂತ ಎಂದಿಗೂ ವೇಗವಾಗಿರುವುದು ಈ ಕಾರಣಕ್ಕೆ.

ಮಿತಿ ಹಾಕಿದ್ದರಿಂದ ಸಮಯ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್‌ನ 53.85ರ ‘ಎ’ ಅರ್ಹತಾ ಮಟ್ಟ ದಾಟಿದರು. 15 ಮೀಟರಿನ ಗೆರೆಯೊಳಗೇ ಇದ್ದು ಸಾಧಿಸಿದ ಈ ಸಮಯ ಬರ್ಕಾಫ್‌ನ ವಿಶ್ವದಾಖಲೆಗಿಂತ ಮುಕ್ಕಾಲು ಸೆಕೆಂಡಿನಷ್ಟು ಕಡಿಮೆ. ಲಾಗ ಹಾಕಿ ತಿರುಗುವ ಅವಕಾಶ, ಇಳಿಜಾರಾದ ಸುಧಾರಿತ ಸ್ಟಾರ್ಟ್ ಪಟ್ಟಿ, ಬಲ ಬೆಳೆಸುವ ತರಬೇತಿ ಎಲ್ಲವೂ ಈ ಮಧ್ಯದ ಮೂರು ದಶಕಗಳಲ್ಲಿ ಸೇರಿಕೊಂಡವು.

ಒಬ್ಬ ಹುಡುಗಿಯ ಏಳು ಗೋಡೆಗಳು

ಒಲಿಂಪಿಕ್ಸ್ ದೂರದ ಮಾತಾಯಿತು. ನಮ್ಮೂರ ಕ್ಲಬ್ಬಿನಲ್ಲಿ ಈಜುವ ಹುಡುಗಿಯೊಬ್ಬಳನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಕೊಳ 25 ಮೀಟರ್, ಸ್ಪರ್ಧೆ 200 ಮೀಟರ್ ಫ್ರೀಸ್ಟೈಲ್. ಅವಳು ಸೆಕೆಂಡಿಗೆ 1.4 ಮೀಟರ್ ವೇಗದಲ್ಲಿ ಈಜುತ್ತಾಳೆ. ಈ ಸ್ಪರ್ಧೆಯಲ್ಲಿ ಏಳು ಟರ್ನ್‌ಗಳಿವೆ. ತಲೆ ಎತ್ತಿ, ತೋಳು ಬಿಚ್ಚಿ, ಒದ್ದ ತಕ್ಷಣ ಮೇಲೆ ಬಂದರೆ ಗೋಡೆಯಿಂದ 5 ಮೀಟರ್‌ವರೆಗೆ ಅವಳ ಸರಾಸರಿ ವೇಗ 1.5 ಎಂದಿಟ್ಟುಕೊಳ್ಳಿ. ಆಗ ಆ 5 ಮೀಟರ್‌ಗೆ 3.3 ಸೆಕೆಂಡು. ಅದೇ ಒದೆತವನ್ನು ಬಿಗಿಯಾದ ಸ್ಟ್ರೀಮ್‌ಲೈನ್ ಮತ್ತು ಮೂರು ಕಿಕ್‌ಗಳಿಂದ ಕಾಪಾಡಿಕೊಂಡು ಸರಾಸರಿ 1.8 ಮೀಟರ್ ಮಾಡಿದರೆ 2.8 ಸೆಕೆಂಡು. ಪ್ರತಿ ಗೋಡೆಗೆ ಅರ್ಧ ಸೆಕೆಂಡು, ಏಳಕ್ಕೆ ಮೂರೂವರೆ ಸೆಕೆಂಡು. ಅವಳ ವೇಗದಲ್ಲಿ ಇದು ಸುಮಾರು 5 ಮೀಟರ್ ಮುನ್ನಡೆ.

ಇಷ್ಟನ್ನು ಬರೀ ಈಜಿನ ವೇಗ ಹೆಚ್ಚಿಸಿ ಪಡೆಯಲು ಹೊರಟರೆ? ಸುಮಾರು 140 ಸೆಕೆಂಡಿನ ಸ್ಪರ್ಧೆಯಲ್ಲಿ ಮೂರೂವರೆ ಸೆಕೆಂಡು ಎಂದರೆ ಶೇ 2.5. ನೀರಿನಲ್ಲಿ ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುವುದರಿಂದ, ಆ ಶೇ 2.5ಕ್ಕೆ ಶೇ 7-8ರಷ್ಟು ಹೆಚ್ಚು ಶಕ್ತಿ ಸುರಿಯಬೇಕು. ಅದೂ 200 ಮೀಟರ್ ಉದ್ದಕ್ಕೂ.

ಆದರೆ ಈ ಲೆಕ್ಕದ ಜೊತೆಗೇ ಬರ್ಕಾಫ್‌ನ ಎರಡನೇ ಪಾಠವೂ ಬರುತ್ತದೆ. ಮೊದಲ ಗೋಡೆಯಲ್ಲಿ ಆರು ಕಿಕ್ ಹೊಡೆದ ಹುಡುಗಿ ಐದನೆಯ ಗೋಡೆಯಲ್ಲಿ ಉಸಿರು ಸಾಲದೆ ಎರಡಕ್ಕೇ ಮೇಲೆ ಬಂದರೆ, ಮೇಲೆ ಬಂದ ಮೇಲಿನ ಬೀಸುಗಳೂ ಸೊರಗುತ್ತವೆ. ದೊಡ್ಡ ಸ್ನಾಯುಗಳು ಬಡಿಯುತ್ತಿರುವಾಗ ಉಸಿರು ಕಟ್ಟಿರುವುದು ದೇಹಕ್ಕೆ ಭಾರೀ ಸಾಲ. ಕೊನೆಯವರೆಗೂ ನಿಭಾಯಿಸಬಲ್ಲಷ್ಟು ಕಿಕ್‌ಗಳನ್ನು ಆರಿಸಿ, ಎಲ್ಲ ಗೋಡೆಗಳಲ್ಲೂ ಅಷ್ಟನ್ನೇ ಹೊಡೆಯುವುದು ಲೇಸು.

ಇದಕ್ಕೆಂದೇ ಗಟ್ಟಿಯಾಗಿ ಉಸಿರೆಳೆದೆಳೆದು ಬಿಟ್ಟು ಮುಳುಗುವ ಅಭ್ಯಾಸ ಕೆಲವರಲ್ಲಿದೆ, ಅದು ಪ್ರಾಣಾಪಾಯ. ಹಾಗೆ ಮಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಒತ್ತಡ ಹುಟ್ಟುವ ಮೊದಲೇ ಆಮ್ಲಜನಕ ತೀರಿ ನೀರಿನಡಿಯಲ್ಲೇ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ. ನೀರಿನಡಿಯ ಅಭ್ಯಾಸ ಒಂಟಿಯಾಗಿ ಬೇಡ, ಉಸಿರು ಕಟ್ಟುವ ಪಂದ್ಯ ಯಾರೊಂದಿಗೂ ಬೇಡ.

ಎಲ್ಲಿ ಮೇಲೆ ಬರಬೇಕು?

15 ಮೀಟರ್ ಎಂಬುದು ನಿಯಮದ ಮಿತಿ, ಗುರಿಯಲ್ಲ. ನಿಧಾನವಾದ ಕಿಕ್ ಇರುವವನು 15 ಮೀಟರ್‌ವರೆಗೆ ನೀರಿನಡಿಯಲ್ಲಿದ್ದರೆ ಪಕ್ಕದ ಲೇನ್‌ನವನು ಮೇಲೇ ಈಜಿ ಮುಂದೆ ಹೋಗಿರುತ್ತಾನೆ. ತನಗೆ ಸರಿಯಾದ ಜಾಗ ಯಾವುದೆಂದು ತಿಳಿಯಲು ಸ್ಟಾಪ್‌ವಾಚ್ ಮತ್ತು ಪಕ್ಕದಲ್ಲಿ ನಿಲ್ಲುವ ಒಬ್ಬರು ಸಾಕು. ಗೋಡೆಯಿಂದ ಒದ್ದು ಎರಡು ಕಿಕ್‌ಗೆ ಮೇಲೆ ಬಂದು 15 ಮೀಟರಿನ ಬಿಲ್ಲೆಯವರೆಗೆ ಪೂರ್ಣ ವೇಗದಲ್ಲಿ ಈಜಬೇಕು. ಪಾದ ಗೋಡೆ ಬಿಟ್ಟ ಕ್ಷಣದಿಂದ ತಲೆ ಬಿಲ್ಲೆ ದಾಟುವವರೆಗಿನ ಸಮಯ ಬರೆದಿಟ್ಟುಕೊಳ್ಳಬೇಕು. ದಣಿವಾರಿದ ಮೇಲೆ ನಾಲ್ಕು ಕಿಕ್, ಆಮೇಲೆ ಆರು. ಪ್ರತಿಯೊಂದನ್ನೂ ಕೆಲವು ಬಾರಿ ಮಾಡಿ ಸರಾಸರಿ ತೆಗೆಯಬೇಕು.

ನಾಲ್ಕಕ್ಕೆ ಸಮಯ ಇಳಿದು ಆರಕ್ಕೆ ಮತ್ತೆ ಏರಿದರೆ, ಸದ್ಯಕ್ಕೆ ಆ ಈಜುಗಾರನ ಸಂಖ್ಯೆ ನಾಲ್ಕು. ಎರಡಕ್ಕೇ ಉತ್ತಮ ಸಮಯ ಬಂದರೆ ಕಿಕ್ ಇನ್ನೂ ಪಕ್ವವಾಗಿಲ್ಲ, ಒದೆತ ಮತ್ತು ಸ್ಟ್ರೀಮ್‌ಲೈನ್‌ನ ಮೇಲೆ ಕೆಲಸ ಮಾಡುವುದೇ ಲಾಭ. ಅಭ್ಯಾಸದ ಕೊನೆಯಲ್ಲಿ, ದಣಿದಾಗ, ಇದೇ ಪರೀಕ್ಷೆ ಮಾಡಿದರೆ ಸಂಖ್ಯೆ ಒಂದೆರಡು ಕಡಿಮೆಯಾಗಬಹುದು. 50 ಮೀಟರ್ ಸ್ಪರ್ಧೆಗೆ ಮೊದಲ ಸಂಖ್ಯೆ, 200ಕ್ಕೆ ಈ ಎರಡನೆಯದು ಎಂದು ಆರಿಸಿಕೊಳ್ಳಬಹುದು. ಮೇಲೆ ಬಂದ ಮೊದಲ ಬೀಸಿಗೇ ಉಸಿರೆಳೆಯಲು ತಲೆ ತಿರುಗಿಸಿದರೆ ಉಳಿದಿದ್ದ ವೇಗ ಅಲ್ಲೇ ಮುರಿಯುತ್ತದೆ. ಒಂದೆರಡು ಬೀಸು ಕಳೆದ ಮೇಲೆ ಉಸಿರಾಡುವಷ್ಟು ಗಾಳಿ ಎದೆಯಲ್ಲಿ ಉಳಿದಿಲ್ಲವೆಂದರೆ, ಮುಂದಿನ ಗೋಡೆಯಲ್ಲಿ ಒಂದು ಕಿಕ್ ಕಡಿಮೆ ಮಾಡಿಕೊಳ್ಳುವುದೇ ಸರಿಯಾದ ತಿದ್ದುಪಡಿ.